ವಿಷಯ: ಮೆಸ್ ಊಟದಲ್ಲಿ ಪ್ರೋಟೀನ್ ಹೆಚ್ಚಿಸುವ ಬಗ್ಗೆ

ವಾರ್ಡನ್ ಸರ್ ಅವರಿಗೆ ನಮಸ್ಕಾರಗಳು.

60 ಕೆ.ಜಿ. ತೂಕದವರಿಗೆ ದಿನಕ್ಕೆ ಸುಮಾರು 50 ಗ್ರಾಂ ಪ್ರೋಟೀನ್ ಬೇಕು. ಸ್ಟೋರ್ ರಿಜಿಸ್ಟರ್ ಪ್ರಕಾರ ಸಾಂಬಾರಿಗೆ ತಲೆಗೆ 15 ಗ್ರಾಂ ಬೇಳೆ ಹೋಗುತ್ತಿದೆ. ಅದರಲ್ಲಿ ಸಿಗುವುದು ಮೂರೂವರೆ ಗ್ರಾಂ ಮಾತ್ರ. ಅದೂ ತಳ ಸೇರಿ, ಮೊದಲು ಬಂದವರ ತಟ್ಟೆಗೆ ಬರೀ ತಿಳಿ ಬೀಳುತ್ತದೆ. ಬೇಳೆಯನ್ನು 30 ಗ್ರಾಂಗೆ ಏರಿಸಿ, ಬಡಿಸುವಾಗ ತಳದಿಂದ ಕಲಕಲು ಹೇಳಿಸಿ.

ತಿಂಡಿಗೆ ಬರೀ ರವೆ, ಅಕ್ಕಿಯ ಐಟಂ ಇರುವ ದಿನ ಎರಡು ಬೇಯಿಸಿದ ಮೊಟ್ಟೆ (ಸುಮಾರು 12 ಗ್ರಾಂ), ಮೊಟ್ಟೆ ತಿನ್ನದವರಿಗೆ 50 ಗ್ರಾಂ ಒಣ ಕಡಲೆಕಾಳಿನಿಂದ ಮಾಡಿದ ಉಸಲಿ (ಸುಮಾರು 10 ಗ್ರಾಂ) ಕೊಡಿಸಿ. ಕಾಳನ್ನು ರಾತ್ರಿಯೇ ನೆನೆಹಾಕಬೇಕು. ಬೆಳಗ್ಗೆ ನೆನೆಸಿದರೆ ಸರಿಯಾಗಿ ಬೇಯದೆ ಡಸ್ಟ್‌ಬಿನ್ ಸೇರುತ್ತದೆ.

ಖರ್ಚಿನ ಚಿಂತೆಯಿದ್ದರೆ, ವಾರಕ್ಕೆರಡು ಸಲದ ಸಿಹಿಯನ್ನು ಒಂದಕ್ಕಿಳಿಸಲು ನಮ್ಮ ಒಪ್ಪಿಗೆಯಿದೆ. ಸೋಮವಾರದಿಂದ ಎರಡು ವಾರ ಪ್ರಯೋಗ ಮಾಡೋಣವೇ ಸರ್?

ಇಂತಿ,
ಹಾಸ್ಟೆಲ್ ವಿದ್ಯಾರ್ಥಿ ಸಮಿತಿ