27ನೇ ತಾರೀಕಿನ ಗೆರೆ

ಪೈಪ್ ಹಾಕೋದಕ್ಕೆ ಅಂತ ನಮ್ಮ ಬೇಕರಿ ಮುಂದಿನ ರಸ್ತೆ ಅಗೆದರು. ಒಂದು ವಾರದ ಕೆಲಸ ಅಂದಿದ್ದರು, ತಿಂಗಳು ಹಿಡಿಯಿತು. ಅಂಗಡಿಗೆ ಬರಬೇಕಾದರೆ ಗುಂಡಿಯ ಮೇಲೆ ಹಾಕಿದ್ದ ಎರಡು ಹಲಗೆ ದಾಟಬೇಕು. ವಯಸ್ಸಾದವರು ಆ ಕಡೆಯೇ ನಿಂತು ಹಲಗೆ ನೋಡುತ್ತಿದ್ದರು, ನನ್ನ ಮುಖ ನೋಡುತ್ತಿದ್ದರು, ವಾಪಸ್ ಹೋಗುತ್ತಿದ್ದರು. ಹುಡುಗ ಓಡಿಹೋಗಿ ಕೆಲವರಿಗೆ ಬ್ರೆಡ್ ಕೊಟ್ಟು ಬರುತ್ತಿದ್ದ. ಆದರೆ ಎಷ್ಟು ಜನಕ್ಕೆ ಅಂತ ಓಡುತ್ತಾನೆ?

ಮೊದಲ ವಾರ ನಾನು ಎಂದಿನಷ್ಟೇ ಬೇಯಿಸಿದೆ. ನಾಳೆ ಸರಿಹೋಗುತ್ತೆ ಅನ್ನೋ ಧೈರ್ಯ. ರಾತ್ರಿ ಶಟರ್ ಎಳೆಯುವಾಗ ನಾಲ್ಕು ಟ್ರೇ ಬನ್ ಹಾಗೇ ಕೂತಿರುತ್ತಿದ್ದವು. ಬೆಳಗ್ಗೆ ಮುಟ್ಟಿದರೆ ಮೇಲ್ಭಾಗ ಗಟ್ಟಿಯಾಗಿರುತ್ತಿತ್ತು. ಅವನ್ನು ಚೀಲಕ್ಕೆ ಸುರಿಯುವ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಎರಡನೇ ವಾರದಿಂದ ಬೇಯಿಸೋದು ಕಮ್ಮಿ ಮಾಡಿದೆ.

ತಿಂಗಳ ಕೊನೆಗೆ ಗಲ್ಲಾ ಲೆಕ್ಕ ಹಾಕಿದರೆ ವ್ಯಾಪಾರ 4,10,000. ಅದರ ಹಿಂದಿನ ತಿಂಗಳು 5,00,000 ಆಗಿತ್ತು. ಹೋಗಿದ್ದು 18 ಪರ್ಸೆಂಟ್. ಐದರಲ್ಲಿ ಒಂದು ಪಾಲೂ ಅಲ್ಲ. ಆದರೂ ಕೆಲಸದವರ ಸಂಬಳಕ್ಕೆ ನಾನು ಮನೆಯ ಉಳಿತಾಯಕ್ಕೆ ಕೈಹಾಕಬೇಕಾಯಿತು. ಇದು ಹೇಗೆ ಅಂತ ನನಗೆ ಅರ್ಥವೇ ಆಗಲಿಲ್ಲ. ಯಾರಾದರೂ ಕದ್ದರಾ ಅನ್ನೋ ಯೋಚನೆ ಕೂಡ ಬಂತು. ಅವತ್ತಿಡೀ ಹುಡುಗರ ಮುಖ ನೋಡೋಕೆ ನನಗೆ ಆಗಲಿಲ್ಲ.

ಅಕ್ಕ ಒಂದು ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಲೆಕ್ಕ ಬರೆದವಳು. ಭಾನುವಾರ ಬಂದಳು. ಹಿಟ್ಟು ಮೆತ್ತಿದ್ದ ನನ್ನ ಪುಸ್ತಕ ತೆಗೆದುಕೊಂಡು ಪೂರ್ತಿ ಓದಿದಳು. ಮಧ್ಯೆ ಒಂದು ಮಾತೂ ಆಡಲಿಲ್ಲ.

"ನೂರಕ್ಕೆ ವ್ಯಾಪಾರ ಆದ್ರೆ ಮೈದಾ, ಸಕ್ಕರೆ, ಬೆಣ್ಣೆ, ಕವರು, ಬಿಸಾಕಿದ್ದು ಎಲ್ಲಾ ಸೇರಿ ಎಷ್ಟು ಹೋಗುತ್ತೆ?"

"ಅರವತ್ತು ಅಂದ್ಕೋ."

"ಉಳಿಯೋದು ನಲವತ್ತು. ಒಂದು ಬ್ರೆಡ್ಡೂ ಮಾರದಿದ್ರೂ ಕೊಡಲೇಬೇಕಾದ್ದು ಎಷ್ಟಿದೆ?"

ಬಾಡಿಗೆ, ಸಂಬಳ, ಓವನ್ ಸಾಲದ ಕಂತು, ಗಾಡಿ ಬಾಡಿಗೆ, ಇನ್ನೂ ಸಣ್ಣಪುಟ್ಟದ್ದು. ಕೂಡಿದರೆ 1,80,000. ಲೆಕ್ಕದ ಪುಸ್ತಕದ ರೀತಿಯಲ್ಲಿ ನೋಡಿದರೆ ಕಂತಿನಲ್ಲಿರೋ ಅಸಲು ಖರ್ಚಲ್ಲ, ಬಡ್ಡಿ ಮಾತ್ರ ಖರ್ಚು. "ಆದ್ರೆ ದುಡ್ಡು ಕೈಯಿಂದ ಹೋಗುತ್ತಲ್ವಾ, ಸೇರಿಸು" ಅಂದಳು ಅಕ್ಕ.

ಆಮೇಲೆ 1,80,000ವನ್ನು 0.40ರಿಂದ ಭಾಗಿಸಿದಳು. ಬಂದಿದ್ದು 4,50,000. ಅಷ್ಟು ವ್ಯಾಪಾರ ಆದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಅದೇ ಬ್ರೇಕ್ ಈವನ್.

ಗೋಡೆಯ ಕ್ಯಾಲೆಂಡರ್ ಕೆಳಗಿಳಿಸಿ ಮೇಜಿನ ಮೇಲೆ ಹರಡಿದಳು. ನನ್ನ ಪೆನ್ ತೆಗೆದುಕೊಂಡು 27ನೇ ತಾರೀಕಿನ ಪಕ್ಕ ಉದ್ದಕ್ಕೆ ಒಂದು ಗೆರೆ ಎಳೆದಳು.

"ದಿನಾ ಒಂದೇ ಥರ ವ್ಯಾಪಾರ, ತಿಂಗಳಿಗೆ ಐದು ಲಕ್ಷ ಅಂತ ಇಟ್ಕೋ. ನಾಲ್ಕೂವರೆ ಮುಟ್ಟೋಕೆ 27 ದಿನ ಬೇಕು. ಅಲ್ಲಿವರೆಗೂ ನೀನು ಬಾಡಿಗೆಯವರಿಗೆ, ಸಾಲದವರಿಗೆ, ಮೈದಾದವರಿಗೆ ಬೇಯಿಸ್ತಿದ್ದೀಯ ಕಣೋ. ನಿನ್ನ ಮನೆಗೆ ಬೇಯಿಸೋದು ಕೊನೇ ಮೂರೇ ದಿನ."

ನಾನು ಸುಮ್ಮನೆ ಆ ಮೂರು ಚೌಕ ನೋಡುತ್ತಾ ಕೂತೆ.

ಆ 50,000ಕ್ಕೆ, ಅಂದರೆ ನಿಜವಾಗಿ ಆಗೋ ವ್ಯಾಪಾರಕ್ಕೂ ಬ್ರೇಕ್ ಈವನ್‌ಗೂ ನಡುವೆ ಇರೋ ಜಾಗಕ್ಕೆ, ಮಾರ್ಜಿನ್ ಆಫ್ ಸೇಫ್ಟಿ ಅಂತಾರೆ. ನನ್ನದು ಐದು ಲಕ್ಷದಲ್ಲಿ 10 ಪರ್ಸೆಂಟ್. ವ್ಯಾಪಾರ 10 ಪರ್ಸೆಂಟ್ ಬಿದ್ದರೂ ತಡೆದುಕೊಳ್ಳಬಹುದಿತ್ತು. ಬಿದ್ದಿದ್ದು 18. ನೂರಕ್ಕೆ ನಲವತ್ತರಂತೆ 4,10,000ಕ್ಕೆ ಉಳಿಯೋದು 1,64,000. ಕೊಡಬೇಕಾದ್ದು 1,80,000. 16,000 ಕಮ್ಮಿ ಬಿತ್ತು. ಮೊದಲ ವಾರ ಎಂದಿಗಿಂತ ಜಾಸ್ತಿ ಚೀಲಕ್ಕೆ ಸುರಿದ ಬನ್ನಿನ ನಷ್ಟ ಅದರ ಮೇಲೆ. ಯಾರೂ ಕದ್ದಿರಲಿಲ್ಲ. ಆ ಹುಡುಗರ ಮೇಲೆ ಅನುಮಾನ ಪಟ್ಟೆನಲ್ಲ ಅಂತ ಇವತ್ತಿಗೂ ನೋವಾಗುತ್ತೆ.

ಆದರೆ ನನಗೆ ಜಾಸ್ತಿ ಪೆಟ್ಟು ಕೊಟ್ಟಿದ್ದು ಆಮೇಲಿನ ಲೆಕ್ಕ. ಅಕ್ಕ ಹಿಂದಿನ ವರ್ಷದ ಪುಟ ತಿರುಗಿಸಿದಳು. ಆಗ ಎರಡನೇ ಓವನ್ ಇರಲಿಲ್ಲ, ಮೂರನೇ ಕೆಲಸದವನಿರಲಿಲ್ಲ, ಗಾಡಿ ಇರಲಿಲ್ಲ. ವ್ಯಾಪಾರ 4,20,000. ತಿಂಗಳ ಖಾಯಂ ಖರ್ಚು 1,40,000. ಬ್ರೇಕ್ ಈವನ್ 3,50,000. ನಡುವಿನ ಜಾಗ 70,000, ಸುಮಾರು 17 ಪರ್ಸೆಂಟ್. ಗೆರೆ 25ನೇ ತಾರೀಕಿಗೇ ಬೀಳುತ್ತಿತ್ತು. ಕೈಗೆ 28,000 ಸಿಗುತ್ತಿತ್ತು. ಅಂಗಡಿ ದೊಡ್ಡದು ಮಾಡಿ, ಐದು ಲಕ್ಷ ಮುಟ್ಟಿದ ಮೇಲೆ ಸಿಗುತ್ತಿದ್ದದ್ದು 20,000. ಐದು ಲಕ್ಷ ಆದ ದಿನ ನಾನು ಎಲ್ಲರಿಗೂ ಕೇಕ್ ಹಂಚಿದ್ದೆ. ಗಲ್ಲಾ ತುಂಬೋದನ್ನೇ ನೋಡುತ್ತಿದ್ದೆ, ಗೆರೆ ಮುಂದಕ್ಕೆ ಸರಿದದ್ದು ಕಾಣಲಿಲ್ಲ.

"ಹಾಗಾದ್ರೆ ಒಬ್ಬನ್ನ ಬಿಡಿಸಿಬಿಡ್ಲಾ?" ಅಂತ ಕೇಳಿದೆ.

"ಮೊದಲು ಮನುಷ್ಯರ ಮೇಲೆ ಯಾಕೆ ಕಣ್ಣು ಹಾಕ್ತೀಯ? ಗಾಡಿ ದಿನಾ ಬೇಕಾ?"

ಬೇಕಿರಲಿಲ್ಲ. ವಾರದಲ್ಲಿ ಮೂರು ದಿನ ಅದು ಬಾಗಿಲಲ್ಲೇ ನಿಂತಿರುತ್ತಿತ್ತು. ಅದಕ್ಕೆ ತಿಂಗಳಿಗೆ 16,000 ಬಾಡಿಗೆ. ಅದನ್ನು ಬಿಟ್ಟು, ಆರ್ಡರ್ ಇದ್ದ ದಿನ ಮಾತ್ರ ಟ್ರಿಪ್ ಲೆಕ್ಕದಲ್ಲಿ ಕರೆಯೋಕೆ ಶುರು ಮಾಡಿದೆ. ಅದಕ್ಕೆ ನೂರು ವ್ಯಾಪಾರದಲ್ಲಿ ಎರಡು ಹೋಗುತ್ತೆ, ನಿಜ. ಆದರೆ ವ್ಯಾಪಾರ ಇಲ್ಲದ ದಿನ ಆ ಖರ್ಚೂ ಇಲ್ಲ. ಖಾಯಂ ಖರ್ಚನ್ನು ವ್ಯಾಪಾರದ ಜೊತೆ ಏರಿಳಿಯೋ ಖರ್ಚು ಮಾಡಿಕೊಂಡರೆ ಸಣ್ಣ ಅಂಗಡಿಗೆ ಅದೇ ದೊಡ್ಡ ನೆಮ್ಮದಿ ಅಂತ ನನಗೆ ಅನ್ನಿಸೋದು.

ಇನ್ನೊಂದು, ಉಳಿಯೋ ಮಾಲು. ಸಂಜೆ ಐದಕ್ಕೆ ಎಷ್ಟು ಟ್ರೇ ಖಾಲಿಯಾಗಿದೆ ನೋಡಿ ಮುಂದಿನ ಹಿಟ್ಟು ಕಲಸೋದು, ಅಭ್ಯಾಸಬಲದಿಂದ ಕಲಸೋದಲ್ಲ. ಮೂರನೇ ಕೆಲಸದವನಿಗೇ ಆ ಜವಾಬ್ದಾರಿ ಕೊಟ್ಟೆ. ಅವನು ಎಷ್ಟು ಶ್ರದ್ಧೆಯಿಂದ ಬರೆದಿಡುತ್ತಾನೆ ಅಂದರೆ, ಯಾವ ವಾರ ಯಾವ ಬನ್ ಹೋಗಲ್ಲ ಅಂತ ನನಗಿಂತ ಅವನಿಗೇ ಚೆನ್ನಾಗಿ ಗೊತ್ತು. ಬಿಸಾಕೋದು ತಗ್ಗಿದ್ದರಿಂದ ನೂರಕ್ಕೆ ಇನ್ನೂ ಮೂರು ಜಾಸ್ತಿ ಮಿಕ್ಕಿತು. ಗಾಡಿಯ ಎರಡು ಕಳೆದರೂ ಈಗ ಕೈಗೆ ನಿಲ್ಲೋದು 41.

ಖಾಯಂ ಖರ್ಚು 1,64,000. ಅದನ್ನು 0.41ರಿಂದ ಭಾಗಿಸಿದರೆ ಸರಿಯಾಗಿ 4,00,000. ರಸ್ತೆ ಮುಚ್ಚಿದ ಮೇಲೆ ವ್ಯಾಪಾರ ಮತ್ತೆ ಐದು ಲಕ್ಷದ ಹತ್ತಿರ ಬಂದಿದೆ. ಅಂದರೆ 20 ಪರ್ಸೆಂಟ್ ಜಾಗ. ಆ ಕೆಟ್ಟ ತಿಂಗಳ 4,10,000ವನ್ನೇ ಈ ಲೆಕ್ಕಕ್ಕೆ ಹಾಕಿ ನೋಡಿದೆ. 4,100 ಉಳಿಯಿತು. ಸಂಸಾರಕ್ಕೆ ಸಾಲಲ್ಲ. ಆದರೆ ಯಾರ ಸಂಬಳವೂ ನಿಲ್ಲಲ್ಲ.

ಈಗ ಕ್ಯಾಲೆಂಡರ್ ಹೊಸ ಹಾಳೆ ತಿರುಗಿಸಿದ ತಕ್ಷಣ 24ನೇ ತಾರೀಕಿನ ಪಕ್ಕ ಗೆರೆ ಎಳೆಯುತ್ತೇನೆ. ದಿನಾ ರಾತ್ರಿ ಆವತ್ತಿನವರೆಗಿನ ಒಟ್ಟು ವ್ಯಾಪಾರ ಅದರ ಚೌಕದಲ್ಲಿ ಬರೆಯುತ್ತೇನೆ.

ಮೊನ್ನೆ ಬೆಳಗ್ಗೆ ರಸ್ತೆಯ ಆ ತುದಿಯಲ್ಲಿ ಮತ್ತೆ ಟೇಪು ಕಟ್ಟುತ್ತಿದ್ದರು. ಹುಡುಗ ಓಡಿಬಂದು, "ಅಣ್ಣಾ, ಮತ್ತೆ ಅಗೀತಾರಂತೆ" ಅಂದ. ಎದೆ ಒಮ್ಮೆ ಧಸಕ್ ಅಂದಿದ್ದು ನಿಜ. ಒಳಗೆ ಹೋಗಿ ಕ್ಯಾಲೆಂಡರ್ ಮುಂದೆ ನಿಂತೆ. ಗೆರೆಯಾಚೆ ಆರು ಚೌಕ ಇದ್ದವು. ವಾಪಸ್ ಬಂದು, "ಹಿತ್ತಲಲ್ಲಿ ಆ ಎರಡು ಹಲಗೆ ಇರ್ಬೇಕು ನೋಡು, ತೊಳೆದಿಡು" ಅಂದೆ.