ಒಂದು ಲೀಟರ್ ಶೇಂಗಾ ಎಣ್ಣೆ ಲೇಬಲ್: ಪ್ರೂಫಿನಲ್ಲಿ ಲೋಗೋ ಬಣ್ಣ ತಪ್ಪಿದೆ, ಸರಿ ಮಾಡಿದ ಫೈಲ್ ಬೇಕು

ಅಣ್ಣಾ, ನಮಸ್ಕಾರ.

ನಿನ್ನೆ ಸಂಜೆ ನೀವು ಕಳಿಸಿದ `label_1L_proof2.pdf` ನೋಡಿದೆ. ದಯವಿಟ್ಟು ಇದಕ್ಕೆ ಪ್ಲೇಟ್ ಮಾಡಿಸಬೇಡಿ. ಮುಂಭಾಗದ ದೊಡ್ಡ ಲೋಗೋ ಬಣ್ಣ ತಪ್ಪಿದೆ. ನಮ್ಮದು ಕಡು ಹಸಿರು, ಪ್ರೂಫಿನಲ್ಲಿ ಬಂದಿರುವುದು ಗಿಳಿ ಹಸಿರು. ಉಳಿದದ್ದು ಹೆಚ್ಚು ಕಡಿಮೆ ಎಲ್ಲಾ ಸರಿಯಿದೆ. ಇದೊಂದನ್ನು ತಿದ್ದಿ ಹೊಸ ಫೈಲ್ ಕಳಿಸಿದರೆ ಅವತ್ತೇ ನೋಡಿ ಓಕೆ ಹೇಳುತ್ತೇನೆ.

ಫೋನ್ ಮಾಡಿದಾಗ ನಿಮ್ಮ ಡಿಸೈನ್ ಹುಡುಗ "ಮೇಡಂ, ಅದು ಸ್ಕ್ರೀನ್‌ದು ಪ್ರಾಬ್ಲಂ, ಪ್ರಿಂಟ್ ಆದಾಗ ಸರಿ ಬರುತ್ತೆ" ಅಂದ. ಒಂದೊಂದು ಸ್ಕ್ರೀನಿನಲ್ಲಿ ಬಣ್ಣ ಒಂದೊಂದು ಥರ ಕಾಣುತ್ತೆ, ಅದು ನಿಜ. ಆದರೆ ಇಲ್ಲಿ ಆ ಮಾತು ನಡೆಯಲ್ಲ. ಅದೇ ಪ್ರೂಫಿನ ಹಿಂಭಾಗದಲ್ಲಿ, ನಮ್ಮ ಗಾಣದ ವಿಳಾಸದ ಮೇಲೆ ಚಿಕ್ಕದಾಗಿ ಇನ್ನೊಂದು ಲೋಗೋ ಇದೆ ಅಲ್ವಾ, ಅದು ಸರಿಯಾದ ಕಡು ಹಸಿರಿನಲ್ಲೇ ಇದೆ. ಒಂದೇ ಫೈಲು, ಒಂದೇ ಸ್ಕ್ರೀನು, ಎರಡು ಹಸಿರು. ಸ್ಕ್ರೀನ್ ತಪ್ಪಾಗಿದ್ದರೆ ಎರಡೂ ತಪ್ಪಾಗಿ ಕಾಣಬೇಕಿತ್ತು.

ಬರೀ ಕಣ್ಣಂದಾಜಿನ ಮೇಲೆ ಹೇಳುತ್ತಿಲ್ಲ. ನಮ್ಮ ಲೆಕ್ಕಪತ್ರ ನೋಡುವವರ ಮಗಳ ಹತ್ತಿರ ಅಕ್ರೊಬ್ಯಾಟ್ ಪ್ರೊ ಇದೆ, ಅದರ `Output Preview` ತೆರೆದು ಎರಡೂ ಲೋಗೋ ಮೇಲೆ ಮೌಸ್ ಇಟ್ಟು ನೋಡಿದೆವು. ಸಿಕ್ಕಿದ್ದು ಇದು:

```
ಮುಂಭಾಗ:  C 61  M 4   Y 96  K 0
ಹಿಂಭಾಗ:  C 85  M 35  Y 95  K 35
```

ಹಿಂಭಾಗದ್ದು ನಾನು ಕೊಟ್ಟ ಬಣ್ಣ. ಮುಂಭಾಗದ್ದು ಎಲ್ಲಿಂದ ಬಂತೋ ಗೊತ್ತಿಲ್ಲ, ಆದರೆ ಒಂದು ಅನುಮಾನ ಇದೆ. ಆ ಲೋಗೋದಲ್ಲಿ ಮೌಸನ್ನು ಸ್ವಲ್ಪ ಆಚೀಚೆ ಸರಿಸಿದರೆ ಸಾಕು, ಅಂಕಿ ಒಂದೆರಡು ಬದಲಾಗುತ್ತೆ. ಮೇಲೆ ಕೊಟ್ಟಿರುವುದು ನಡುವಿನ ಒಂದು ಜಾಗದ್ದು. ಝೂಮ್ ಮಾಡಿದರೆ ಎತ್ತಿನ ಕೊಂಬಿನ ಅಂಚು ಚೌಕ ಚೌಕವಾಗಿ ಒಡೆಯುತ್ತೆ. ಅಂದರೆ ಅದು ಕೋರಲ್ ಡ್ರಾದ ಲೋಗೋನೇ ಅಲ್ಲ, ಎಲ್ಲಿಂದಲೋ ತೆಗೆದು ಅಂಟಿಸಿದ ಜೆಪಿಜಿ. ನಮ್ಮ ವಾಟ್ಸಾಪ್ ಡಿಪಿಯಿಂದ ತೆಗೆದಿರಬೇಕು ಅನ್ನಿಸುತ್ತೆ. ಮೊಬೈಲಿನಲ್ಲಿ ಎದ್ದು ಕಾಣಲಿ ಅಂತ ಡಿಪಿಗೆ ಮಾತ್ರ ತಿಳಿ ಹಸಿರು ಮಾಡಿಸಿದ್ದೆವು. ಅದು ಆರ್‌ಜಿಬಿ. ಅದನ್ನು ಸಿಎಂವೈಕೆ ಲೇಬಲ್‌ನಲ್ಲಿ ಇಟ್ಟರೆ ಸಾಫ್ಟ್‌ವೇರ್ ತನಗೆ ತಿಳಿದ ಹಾಗೆ ಬದಲಾಯಿಸಿಬಿಡುತ್ತೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಿಮ್ಮ ಕಡೆಯಿಂದ ಅದು ಬಂದೇ ಬರುತ್ತೆ. "ಮಷಿನ್ ಮೇಲೆ ಇಂಕ್ ಸ್ವಲ್ಪ ಜಾಸ್ತಿ ಬಿಟ್ಟು ಸರಿ ಮಾಡೋಣ" ಅನ್ನಬೇಡಿ. ನಮ್ಮ ಹಸಿರು ಕಡುವಾಗಿರುವುದೇ ಅದರೊಳಗಿನ ಕಪ್ಪಿನಿಂದ, ಈ ಲೋಗೋದಲ್ಲಿ ಕಪ್ಪು ಸೊನ್ನೆ. ಕಪ್ಪು ಪ್ಲೇಟಿನಲ್ಲಿ ಆ ಜಾಗ ಖಾಲಿ ಇರುವಾಗ ಎಷ್ಟು ಇಂಕ್ ಬಿಟ್ಟರೂ ಅಲ್ಲಿಗೆ ಬೀಳಲ್ಲ. ಸಯಾನ್ ಏರಿಸಿದರೆ ಲೋಗೋ ಜೊತೆಗೆ ಪಕ್ಕದ ಶೇಂಗಾ ಫೋಟೋನೂ ಹಸಿರು ತಿರುಗುತ್ತೆ. ಆ ಫೋಟೋದ ಕಂದು ಬಣ್ಣ ಈ ಸಲ ತುಂಬಾ ಚೆನ್ನಾಗಿ ಬಂದಿದೆ, ಅದನ್ನು ಹಾಳು ಮಾಡುವುದು ಬೇಡ.

ಒಂದು ಹಸಿರಿಗೆ ಇಷ್ಟು ರಗಳೆ ಯಾಕೆ ಅಂತ ನಿಮಗೆ ಅನ್ನಿಸಬಹುದು. ನೋಡಿ, ಚಳ್ಳಕೆರೆಯಲ್ಲಿ ಎಣ್ಣೆ ಮಾರುವವರು ನಾವೊಬ್ಬರೇ ಅಲ್ಲ, ಊರಿಗೆ ಹೆಸರು ಬಂದಿರುವುದೇ ಎಣ್ಣೆಯಿಂದ. ಅಂಗಡಿಯ ಸಾಲಿನಲ್ಲಿ ಹತ್ತು ಬಾಟಲಿಗಳ ನಡುವೆ ಜನ ನಮ್ಮದನ್ನು ಹೆಸರು ಓದಿ ತೆಗೆಯಲ್ಲ, ಬಣ್ಣ ನೋಡಿ ತೆಗೆಯುತ್ತಾರೆ. ಹಳೇ ಲೇಬಲ್‌ನ ಬಾಟಲಿಗಳು ಇನ್ನೂ ಅಂಗಡಿಗಳಲ್ಲಿವೆ. ಅದರ ಪಕ್ಕಕ್ಕೆ ಗಿಳಿ ಹಸಿರಿನದು ಬಂದು ಕೂತರೆ "ಇದು ಡೂಪ್ಲಿಕೇಟಾ?" ಅಂತ ಕೇಳುವುದು ಗ್ಯಾರಂಟಿ, ಎಣ್ಣೆ ವಿಷಯದಲ್ಲಿ ಆ ಅನುಮಾನ ಒಂದು ಸಲ ಹುಟ್ಟಿದರೆ ಹೋಗುವುದು ಕಷ್ಟ. ಜೊತೆಗೆ ಬಾಟಲಿ ಪಾರದರ್ಶಕ, ಒಳಗಿನ ಎಣ್ಣೆ ಹಳದಿ. ಆ ಹಳದಿಯ ಪಕ್ಕ ತಿಳಿ ಹಸಿರು ಸಪ್ಪಗೆ ಕಾಣುತ್ತೆ. ಕಡು ಹಸಿರು ಇಟ್ಟುಕೊಂಡಿದ್ದೇ ಅದಕ್ಕೆ.

ಈಗ ಆಗಬೇಕಾದ ಕೆಲಸ ಹೇಳುತ್ತೇನೆ.

ಆರ್ಡರ್ ಕೊಟ್ಟಾಗಲೇ ಮೇಲ್ ಮಾಡಿದ್ದ `logo_cmyk.cdr` ಈ ಪತ್ರದ ಜೊತೆ ಮತ್ತೆ ಇಟ್ಟಿದ್ದೇನೆ. ಮುಂಭಾಗದ ಜೆಪಿಜಿ ಪೂರ್ತಿ ತೆಗೆದುಹಾಕಿ ಇದನ್ನು ಅದೇ ಜಾಗದಲ್ಲಿ, ಅದೇ ಅಳತೆಯಲ್ಲಿ ಕೂರಿಸಿ. ಜೆಪಿಜಿಗೇ ಬಣ್ಣ ಹಚ್ಚಿ ಕಡು ಮಾಡಲು ಹೋಗಬೇಡಿ, ಅಂಚು ಒಡೆದದ್ದು ಹಾಗೇ ಉಳಿಯುತ್ತೆ. ಅಂಕಿಗಳು C 85, M 35, Y 95, K 35 ಇರಬೇಕು, ಮುಂದೂ ಹಿಂದೂ ಒಂದೇ.

ಲೋಗೋ ಹಸಿರು ಬದಲಾಯಿಸುವಾಗ "ಎಲ್ಲಾ ಹಸಿರನ್ನೂ ಹುಡುಕಿ ಬದಲಾಯಿಸು" ಅಂತ ಒಂದೇ ಏಟಿಗೆ ಮಾಡಿಬಿಡಬೇಡಿ. ಸಸ್ಯಾಹಾರದ ಗುರುತು ಇದೆಯಲ್ಲ, ಚೌಕದೊಳಗಿನ ಹಸಿರು ಚುಕ್ಕೆ, ಅದು ಈಗ ಸರಿಯಾಗಿದೆ. ಅದರ ಬಣ್ಣವಾಗಲಿ ಅಳತೆಯಾಗಲಿ ಮುಟ್ಟಬೇಡಿ, ಅದು ಕಾನೂನಿನ ವಿಷಯ. ಹದಿನಾಲ್ಕು ಅಂಕಿಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರನ್ನು ಒಂದೊಂದೇ ಅಂಕಿ ತಾಳೆ ನೋಡಿದ್ದೇನೆ, ಸರಿಯಿದೆ. ಎಂಆರ್‌ಪಿ, ನಿವ್ವಳ ಪ್ರಮಾಣ, ಬಾರ್‌ಕೋಡ್ ಕೂಡ ಸರಿ.

ಕನ್ನಡ ಅಕ್ಷರಗಳನ್ನು ಕರ್ವ್ಸ್ ಮಾಡಿಯೇ ಫೈಲ್ ಕಳಿಸಿ. ಮೊದಲನೇ ಪ್ರೂಫಿನಲ್ಲಿ ನುಡಿ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದು ಒತ್ತಕ್ಷರ ಎಲ್ಲೆಲ್ಲೋ ಹಾರಿತ್ತು, ನೆನಪಿದೆಯಲ್ಲ. ಸುತ್ತ 3 ಮಿಮೀ ಬ್ಲೀಡ್ ಈಗಿರುವಂತೆಯೇ ಇರಲಿ. ಹೊಸ ಫೈಲಿಗೆ `label_1L_proof3.pdf` ಅಂತಲೇ ಹೆಸರು ಕೊಡಿ. ಹಳೇ ಹೆಸರಿನಲ್ಲೇ ಬಂದರೆ ಪ್ಲೇಟ್ ಮಾಡುವವರ ಕೈಗೆ ಯಾವುದು ಹೋಯಿತು ಅಂತ ಆಮೇಲೆ ನಿಮಗೂ ಗೊತ್ತಾಗಲ್ಲ, ನನಗೂ ಗೊತ್ತಾಗಲ್ಲ. ಫೈಲನ್ನು ಮೇಲ್‌ನಲ್ಲೇ ಕಳಿಸಿ, ವಾಟ್ಸಾಪಿನಲ್ಲಿ ಫೋಟೋ ಹೊಡೆದು ಕಳಿಸಿದರೆ ನಾನು ಓಕೆ ಮಾಡಲ್ಲ.

ಫೈಲ್ ಓಕೆ ಆದ ಮೇಲೆ ಒಂದೇ ಒಂದು ಡಿಜಿಟಲ್ ಪ್ರಿಂಟ್ ತೆಗೆದು, ಸಾಧ್ಯವಾದರೆ ಅದೇ ಸ್ಟಿಕರ್ ಪೇಪರಿನ ಮೇಲೆ, ಗ್ಲಾಸಿ ಲ್ಯಾಮಿನೇಷನ್ ಹಾಕಿ ಕಳಿಸಿ. ಲ್ಯಾಮಿನೇಷನ್ ಬಿದ್ದಾಗ ಹಸಿರು ಇನ್ನೂ ಒಂಚೂರು ಕಡುವಾಗಿ ಕಾಣುತ್ತೆ, ಅದನ್ನು ಹಳೇ ಲೇಬಲ್ ಪಕ್ಕ ಬಿಸಿಲಲ್ಲಿ ಇಟ್ಟು ನೋಡಬೇಕು. ದಾವಣಗೆರೆ ಬಸ್ಸಿನಲ್ಲಿ ಕೊಟ್ಟು ಕಳಿಸಿದರೂ ಸಾಕು, ನಾನು ಸ್ಟ್ಯಾಂಡಿನಲ್ಲಿ ಇಸಿದುಕೊಳ್ಳುತ್ತೇನೆ. ಅದರ ಖರ್ಚು ಬಿಲ್ಲಿನಲ್ಲಿ ಸೇರಿಸಿ, ತಕರಾರಿಲ್ಲ. ಆದರೆ ಮುಂಭಾಗದ ಕರೆಕ್ಷನ್‌ಗೆ ಡಿಸೈನ್ ಚಾರ್ಜ್ ಹಾಕಬೇಡಿ, ನಾನು ಕೊಟ್ಟ ಫೈಲಿನಲ್ಲಿ ಬಣ್ಣ ಸರಿಯೇ ಇತ್ತು.

ಹೊಸ ಪಿಡಿಎಫ್ ಗುರುವಾರ ಮಧ್ಯಾಹ್ನದೊಳಗೆ ಬೇಕು. ಕಡೇ ಕಾರ್ತಿಕ ಸೋಮವಾರ ಬೆಂಗಳೂರಲ್ಲಿ ಕಡಲೆಕಾಯಿ ಪರಿಷೆ, ಅಷ್ಟರಲ್ಲಿ ಬಸವನಗುಡಿ ಕಡೆಯ ಅಂಗಡಿಗಳಿಗೆ ಬಾಟಲಿ ತಲುಪಿಸುತ್ತೇವೆ ಅಂತ ಮಾತು ಕೊಟ್ಟಿದ್ದೇವೆ. ಲೇಬಲ್ ಬಂದು, ಅಂಟಿಸಿ, ಬಾಕ್ಸ್ ಮಾಡಿ ಲಾರಿಗೆ ಹಾಕಬೇಕು. ಗುರುವಾರ ಆಗಲ್ಲ ಅನ್ನುವುದಾದರೆ ಈಗಲೇ ಹೇಳಿ, ಸುಮ್ನೆ "ಆಯ್ತು ಆಯ್ತು" ಅನ್ನಬೇಡಿ. ಐದು ಸಾವಿರದಲ್ಲಿ ಮೊದಲು ಎರಡು ಸಾವಿರ ಹೊಡೆದು ಕೊಟ್ಟರೂ ನಡೆಯುತ್ತೆ.

ನನ್ನಿಂದ "ಪ್ರೂಫ್ 3 ಓಕೆ" ಅಂತ ಮೇಲ್ ಬರುವವರೆಗೆ ಮಷಿನ್‌ಗೆ ಕೊಡಬೇಡಿ. ಈ ಪತ್ರ ಸಿಕ್ಕಿದ್ದಕ್ಕೆ ಒಂದು ಸಾಲು ಉತ್ತರ ಹಾಕಿ.

ಸವಿತಾ
ಚಳ್ಳಕೆರೆ

ಜೊತೆಗೆ ಇಟ್ಟಿರುವುದು: `logo_cmyk.cdr`, ಎರಡೂ ಲೋಗೋಗಳ ಸ್ಕ್ರೀನ್‌ಶಾಟ್, ಹಳೇ ಲೇಬಲ್‌ನ ಫೋಟೋ. ಫೋಟೋ ಗುರುತಿಗೆ ಮಾತ್ರ, ಅದರಿಂದ ಬಣ್ಣ ತೆಗೆಯಬೇಡಿ.