ಟಿಕೆಟ್ ರದ್ದು ಮಾಡಿದರೆ ಎಷ್ಟು ದುಡ್ಡು ವಾಪಸ್, ಯಾವಾಗ ವಾಪಸ್

ಆನೆಗೊಂದಿಯ ಹೊಳೆದಂಡೆಯಲ್ಲಿ ತತ್ವಪದ ಮತ್ತು ರಂಗಗೀತೆ
ಅಕ್ಟೋಬರ್ 24, 2026, ಶನಿವಾರ ಸಂಜೆ 6:30ಕ್ಕೆ. ಎರಡು ದಿನದ ಟಿಕೆಟ್ ಇದ್ದವರಿಗೆ ಭಾನುವಾರ ಮಧ್ಯಾಹ್ನದವರೆಗೆ.

ಟಿಕೆಟ್ ತೆಗೆದುಕೊಳ್ಳುವ ಮುಂಚೆ ಇದನ್ನು ಒಮ್ಮೆ ಓದಿ. ನಾವು ಗಂಗಾವತಿಯ ಹನ್ನೊಂದು ಜನ ಗೆಳೆಯರು ಸೇರಿ ನಡೆಸುವ ಕಾರ್ಯಕ್ರಮ ಇದು. ಹಿಂದಿನ ಸಲ ಎಲ್ಲ ಟಿಕೆಟ್‌ಗೂ ಒಂದೇ ಕೊನೆಯ ದಿನ ಇಟ್ಟಿದ್ದೆವು. ಬರೀ ಹಾಡು ಕೇಳೋಕೆ ಬರುವವರಿಗೆ ಅದು ಜಾಸ್ತಿ ಬಿಗಿಯಾಯಿತು, ರೂಮು ಹಿಡಿದವರಿಗೆ ಜಾಸ್ತಿ ಸಡಿಲವಾಯಿತು. ಆ ಬೈಗುಳ ನೆನಪಿದೆ. ಅದಕ್ಕೇ ಈ ಸಲ ಲೆಕ್ಕ ಬೇರೆ: ನಿಮ್ಮ ದುಡ್ಡು ನಮ್ಮ ಕೈಯಿಂದ ಯಾವ ದಿನ ಖರ್ಚಾಗುತ್ತದೋ, ಅದರ ಹಿಂದಿನ ಸಂಜೆಯೇ ಕೊನೆಯ ಹೊತ್ತು. ಎಲ್ಲ ಗಡುವೂ ಆ ದಿನದ ಸಂಜೆ 6 ಗಂಟೆಗೆ ಮುಗಿಯುತ್ತದೆ. ನಿಮ್ಮ ಮೆಸೇಜ್ ನಮಗೆ ಬಂದ ಹೊತ್ತನ್ನು ನೋಡುತ್ತೇವೆ, ನಾವು ಓದಿದ ಹೊತ್ತನ್ನಲ್ಲ.

ಚಾಪೆ ಟಿಕೆಟ್, ₹350

ಅಕ್ಟೋಬರ್ 17ರ ಸಂಜೆವರೆಗೆ ರದ್ದು ಮಾಡಿದರೆ ಪೂರ್ತಿ ₹350 ವಾಪಸ್. ಅಲ್ಲಿಂದ ಅಕ್ಟೋಬರ್ 22ರ ಸಂಜೆವರೆಗೆ ಅರ್ಧ, ಅಂದರೆ ₹175. ಆಮೇಲೆ ಇಲ್ಲ. ಶಾಮಿಯಾನ, ಮೈಕು, ಜನರೇಟರ್ ಎಲ್ಲದಕ್ಕೂ 18ರಂದು ಅಡ್ವಾನ್ಸ್ ಕೊಡುತ್ತೇವೆ, 23ಕ್ಕೆ ಉಳಿದದ್ದೂ ಕೊಟ್ಟಿರುತ್ತೇವೆ.

ಊಟದ ಟಿಕೆಟ್, ₹600

ಇದರಲ್ಲಿ ₹350 ಹಾಡಿಗೆ, ₹250 ಊಟಕ್ಕೆ. ಹಾಡಿನ ಭಾಗಕ್ಕೆ ಮೇಲಿನ ಲೆಕ್ಕವೇ. ಊಟದ ₹250 ಮಾತ್ರ ಅಕ್ಟೋಬರ್ 21, ಬುಧವಾರ ಸಂಜೆವರೆಗೆ ಪೂರ್ತಿ ವಾಪಸ್. ಗುರುವಾರ ಬೆಳಿಗ್ಗೆ ಊರಿನ ಹೆಣ್ಣುಮಕ್ಕಳು ಖಡಕ್ ರೊಟ್ಟಿ ಬಡಿಯೋಕೆ ಕೂರುತ್ತಾರೆ. ಅವರಿಗೆ ಎಣಿಕೆ ಕೊಟ್ಟ ಮೇಲೆ ಒಂದು ರೊಟ್ಟಿಯೂ ಕಡಿಮೆ ಮಾಡಲ್ಲ, ಅವರ ಕೂಲಿಯೂ ಕಡಿಮೆ ಆಗಲ್ಲ. ಊಟ ಬೇಡ, ಹಾಡಿಗೆ ಮಾತ್ರ ಬರುತ್ತೇವೆ ಅಂದರೂ ಸರಿ, ಅದೇ ಬುಧವಾರದೊಳಗೆ ತಿಳಿಸಿ.

ಒಂದು ಉದಾಹರಣೆ. ಸಿಂಧನೂರಿನ ಒಂದು ಮನೆಯವರು ಎರಡು ಊಟದ ಟಿಕೆಟ್, ಎರಡು ಚಾಪೆ ಟಿಕೆಟ್ ತೆಗೆದುಕೊಂಡಿದ್ದಾರೆ. ಕೊಟ್ಟದ್ದು ₹1,900. ಅಕ್ಟೋಬರ್ 19ಕ್ಕೆ ನಾಲ್ಕನ್ನೂ ರದ್ದು ಮಾಡುತ್ತಾರೆ. ಚಾಪೆ ಟಿಕೆಟ್‌ಗೆ ತಲಾ ₹175. ಊಟದ ಟಿಕೆಟ್‌ಗೆ ₹175 ಮತ್ತು ₹250 ಸೇರಿ ತಲಾ ₹425. ಒಟ್ಟು ₹1,200 ವಾಪಸ್.

ಎರಡು ದಿನದ ಟಿಕೆಟ್, ತಲಾ ₹4,200

ಹೋಂಸ್ಟೇಯಲ್ಲಿ ಒಂದು ರಾತ್ರಿ, ಊಟ-ತಿಂಡಿ, ಭಾನುವಾರ ಬೆಳಿಗ್ಗೆ ಹರಿಗೋಲು, ಆಮೇಲೆ ಆನೆಗೊಂದಿ ಸುತ್ತಾಟ. ತಕರಾರು ಬರುವುದು ಇಲ್ಲೇ, ಹಾಗಾಗಿ ಬಿಡಿಸಿ ಹೇಳುತ್ತೇವೆ.

ಸೆಪ್ಟೆಂಬರ್ 30ರ ಸಂಜೆವರೆಗೆ: ಪೂರ್ತಿ ₹4,200.
ಅಕ್ಟೋಬರ್ 10ರ ಸಂಜೆವರೆಗೆ: ₹3,360. ಹಿಡಿದುಕೊಳ್ಳುವ ₹840 ಹೋಂಸ್ಟೇಯವರಿಗೆ ಅಕ್ಟೋಬರ್ 1ರಂದು ಕೊಡುವ ಅಡ್ವಾನ್ಸ್.
ಅಕ್ಟೋಬರ್ 17ರ ಸಂಜೆವರೆಗೆ: ₹2,100.
ಆಮೇಲೆ: ನಿಮ್ಮ ಜಾಗಕ್ಕೆ ಬೇರೆಯವರು ಬಂದರೆ ₹4,000. ಬರದಿದ್ದರೆ ಏನೂ ಇಲ್ಲ.

ಕೊನೆಯದು ಕಟುವಾಗಿ ಕಾಣುತ್ತದೆ, ನಮಗೂ ಗೊತ್ತು. ಆದರೆ ಅದು ದಸರಾ ವಾರ. ನಿಮ್ಮ ಹೆಸರಿಗೆ ಹಿಡಿದಿಟ್ಟ ಕೋಣೆಗಾಗಿ ಆ ಮನೆಯವರು ಬೇರೆ ಗಿರಾಕಿಗಳನ್ನು ವಾಪಸ್ ಕಳಿಸಿರುತ್ತಾರೆ. ಕೊನೆ ಗಳಿಗೆಯಲ್ಲಿ ಖಾಲಿಯಾದರೆ ನಷ್ಟ ಅವರ ತಲೆ ಮೇಲೆ ಬೀಳಬಾರದು, ಅಲ್ವಾ? ಕಾಯುವವರ ಪಟ್ಟಿ ನಮ್ಮ ಹತ್ತಿರ ಇರುತ್ತದೆ. ನೀವು ರದ್ದು ಮಾಡಿದ ಕೂಡಲೇ ಅವರಿಗೆ ಫೋನ್ ಮಾಡುತ್ತೇವೆ. ಯಾರು ಮೊದಲು ರದ್ದು ಮಾಡಿದರೋ ಅವರ ಜಾಗ ಮೊದಲು ತುಂಬುತ್ತದೆ.

ನಿಮ್ಮ ಬದಲು ಬೇರೆಯವರು

ಯಾವ ಟಿಕೆಟ್ ಆದರೂ ಶನಿವಾರ ಮಧ್ಯಾಹ್ನ 2 ಗಂಟೆವರೆಗೆ ಇನ್ನೊಬ್ಬರ ಹೆಸರಿಗೆ ಬದಲಾಯಿಸಬಹುದು. ಅದಕ್ಕೆ ಚಾರ್ಜ್ ಇಲ್ಲ. ಕೊಂಡ ಬೆಲೆಗಿಂತ ಜಾಸ್ತಿಗೆ ಮಾರಿದ್ದು ಗೊತ್ತಾದರೆ ಮಾತ್ರ ಆ ಟಿಕೆಟ್ ನಡೆಯಲ್ಲ.

ಸಾವು, ಆಸ್ಪತ್ರೆ

ಮನೆಯಲ್ಲಿ ಸಾವಾದರೆ, ಅಥವಾ ಮನೆಯವರು ಯಾರಾದರೂ ಆಸ್ಪತ್ರೆಗೆ ಸೇರಿದರೆ ಮೇಲಿನ ಗಡುವು ನೋಡಲ್ಲ. ಚಾಪೆ ಟಿಕೆಟ್, ಊಟದ ಟಿಕೆಟ್ ದುಡ್ಡು ಪೂರ್ತಿ ಕೊಡುತ್ತೇವೆ. ಎರಡು ದಿನದ ಟಿಕೆಟ್‌ನಲ್ಲಿ ಹೋಂಸ್ಟೇಗೆ ಆಗಲೇ ಕೊಟ್ಟಿದ್ದನ್ನು ಮಾತ್ರ ಕಳೆದು ಉಳಿದದ್ದು ಕೊಡುತ್ತೇವೆ. ಮನೆಯವರು ಅಂದರೆ ಅಪ್ಪ, ಅಮ್ಮ, ಗಂಡ, ಹೆಂಡತಿ, ಮಕ್ಕಳು, ಒಡಹುಟ್ಟಿದವರು, ಅತ್ತೆ, ಮಾವ, ಅಜ್ಜ, ಅಜ್ಜಿ. ಚೀಟಿ, ಸರ್ಟಿಫಿಕೇಟ್ ಕೇಳಲ್ಲ. ಸಾವಿನ ಮನೆಯವರ ಹತ್ತಿರ ಕಾಗದ ಕೇಳುವುದು ನಮ್ಮಿಂದ ಆಗದ ಕೆಲಸ. ಯಾರೋ ಒಬ್ಬಿಬ್ಬರು ಸುಳ್ಳು ಹೇಳಬಹುದು, ಹೇಳಲಿ.

ಹೊಳೆಗೆ ನೀರು ಬಂದರೆ

ತುಂಗಭದ್ರೆಯ ಮಾತು ನಮ್ಮ ಕೈಯಲ್ಲಿಲ್ಲ. 2024ರ ಆಗಸ್ಟ್‌ನಲ್ಲಿ ಅಣೆಕಟ್ಟೆಯ 19ನೇ ಗೇಟು ಕಿತ್ತುಹೋದದ್ದು ಇಲ್ಲಿ ಎಲ್ಲರಿಗೂ ನೆನಪಿದೆ. ಅಷ್ಟು ದೊಡ್ಡದು ಬೇಡ, ಮೇಲೆ ಮಳೆ ಜಾಸ್ತಿಯಾಗಿ ಹೊಳೆಗೆ ನೀರು ಬಿಟ್ಟರೂ ಹರಿಗೋಲು ನಿಲ್ಲುತ್ತದೆ. ಹಾಗಾದರೆ ಎರಡು ದಿನದ ಟಿಕೆಟ್‌ನವರಿಗೆ ತಲಾ ₹400 ವಾಪಸ್. ನೀವು ಕೇಳಬೇಕಿಲ್ಲ, ನಾವೇ ಹಾಕುತ್ತೇವೆ. ಉಳಿದ ಕಾರ್ಯಕ್ರಮ ನಡೆಯುತ್ತದೆ. ಹರಿಗೋಲು ಹಾಕಲು ಅಂಬಿಗರು ಬೇಡ ಅಂದರೆ ಬೇಡ. ಆ ವಿಷಯದಲ್ಲಿ ವಾದ ಮಾಡಬೇಡಿ.

64 ಕಂಬದ ಮಂಟಪದ ಹತ್ತಿರ ನೀರು ಏರಿದರೆ, ಅಥವಾ ಶನಿವಾರ ಮಧ್ಯಾಹ್ನ ಮಳೆ ಹಿಡಿದರೆ, ಹಾಡನ್ನು ಗಂಗಾವತಿಯ ಒಂದು ಕಲ್ಯಾಣ ಮಂಟಪಕ್ಕೆ ಒಯ್ಯುತ್ತೇವೆ. ಈ ನಿರ್ಧಾರ ಮಧ್ಯಾಹ್ನ 1 ಗಂಟೆಗೆ ಆಗುತ್ತದೆ, ಎಲ್ಲರಿಗೂ ಮೆಸೇಜ್ ಬರುತ್ತದೆ. ಹೊಳೆದಂಡೆ ಇಲ್ಲದಿದ್ದರೆ ಬರಲ್ಲ ಅನ್ನುವವರು 4 ಗಂಟೆಯೊಳಗೆ ತಿಳಿಸಿದರೆ ಹಾಡಿನ ₹350 ಪೂರ್ತಿ ಕೊಡುತ್ತೇವೆ. ನೀವು ದುಡ್ಡು ಕೊಟ್ಟದ್ದು ಬೆಳದಿಂಗಳಿಗೂ ಸೇರಿಸಿ ಅನ್ನುವುದು ನ್ಯಾಯವೇ. ಊಟದ ದುಡ್ಡು ಮಾತ್ರ ಇಲ್ಲ, ಊಟ ಅಲ್ಲಿಗೇ ಬರುತ್ತದೆ.

ಹಾಡು ಶುರುವಾದ ಮೇಲೆ ಒಂದು ಗಂಟೆಯೊಳಗೆ ನಿಂತುಹೋದರೆ ಹಾಡಿನ ಅರ್ಧ ದುಡ್ಡು ವಾಪಸ್. ಅದಾದ ಮೇಲೆ ನಿಂತರೆ ಇಲ್ಲ.

ನಾವೇ ರದ್ದು ಮಾಡಿದರೆ

ಎಲ್ಲ ಟಿಕೆಟ್‌ಗೂ ಪೂರ್ತಿ ದುಡ್ಡು, ಅಕ್ಟೋಬರ್ 31ರೊಳಗೆ. ಅರ್ಜಿ ಬೇಡ. ದಿನಾಂಕ ಮುಂದೆ ಹಾಕಿದರೆ ನಿಮಗೆ ಕೇಳುತ್ತೇವೆ. ಐದು ದಿನದಲ್ಲಿ ನೀವು ಉತ್ತರ ಕೊಡದಿದ್ದರೆ ಹೊಸ ದಿನಕ್ಕೆ ಒಪ್ಪಿದಿರಿ ಅಂತ ತಿಳಿಯಲ್ಲ, ದುಡ್ಡು ವಾಪಸ್ ಹಾಕುತ್ತೇವೆ. ಪೋಸ್ಟರ್‌ನಲ್ಲಿರುವ ಮುಖ್ಯ ಹಾಡುಗಾರರು ಬರದಿದ್ದರೆ, ಹಾಡು ಶುರುವಾಗುವ ಮುಂಚೆ ಹೇಳಿದ ಯಾರಿಗಾದರೂ ಹಾಡಿನ ದುಡ್ಡು ಪೂರ್ತಿ ಕೊಡುತ್ತೇವೆ.

ದುಡ್ಡು ಬರುವ ದಾರಿ

ಟಿಕೆಟ್ ಬಂದ ಅದೇ ವಾಟ್ಸಾಪ್ ನಂಬರಿಗೆ ಟಿಕೆಟ್ ನಂಬರ್ ಬರೆದು "ರದ್ದು" ಅಂತ ಕಳಿಸಿ. ಕಾರಣ ಬರೆಯಬೇಕಿಲ್ಲ. ಒಂದು ದಿನದೊಳಗೆ ಎಷ್ಟು ಬರುತ್ತದೆ ಅಂತ ಉತ್ತರ ಕೊಡುತ್ತೇವೆ, ಮೂರು ದಿನದೊಳಗೆ ದುಡ್ಡು ಕಳಿಸುತ್ತೇವೆ. ಕಾರ್ಡ್‌ನಲ್ಲಿ ಕೊಟ್ಟಿದ್ದರೆ ಬ್ಯಾಂಕಿನವರು ಇನ್ನೂ ಕೆಲವು ದಿನ ಹಿಡಿಯಬಹುದು. ಯಾವ ಖಾತೆಯಿಂದ ಬಂತೋ ಅದೇ ಖಾತೆಗೆ ಹೋಗುತ್ತದೆ, ಬೇರೆಯವರಿಗೆ ಹಾಕಿ ಅಂದರೆ ಆಗಲ್ಲ. ಪೇಮೆಂಟ್ ಕಂಪನಿ ಹಿಡಿಯುವ ಕಮಿಷನ್ ನಮ್ಮ ಖರ್ಚು. ಅದನ್ನು ನಿಮ್ಮ ದುಡ್ಡಿನಲ್ಲಿ ಮುರಿದುಕೊಳ್ಳಲ್ಲ.

ಗಂಗಾವತಿ, ಕಾರಟಗಿ, ಕೊಪ್ಪಳದ ಅಂಗಡಿಗಳಲ್ಲಿ ನಗದು ಕೊಟ್ಟು ತೆಗೆದುಕೊಂಡವರು ಅದೇ ಅಂಗಡಿಗೆ ಟಿಕೆಟ್ ತಂದು ಕೊಡಿ. ಟಿಕೆಟ್ ಕಳೆದಿದ್ದರೆ ಪುಸ್ತಕದ ಪ್ರತಿಯಲ್ಲಿ ನಿಮ್ಮ ಹೆಸರು, ಫೋನ್ ನಂಬರ್ ಇರುತ್ತದೆ, ಅಷ್ಟು ಸಾಕು.

ಲೆಕ್ಕ ತಪ್ಪಿದೆ ಅನ್ನಿಸಿದರೆ ಮೊದಲು ನಮಗೆ ಹೇಳಿ. ನಮ್ಮ ಉತ್ತರ ಸರಿ ಅನ್ನಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ನಿಮ್ಮ ಟಿಕೆಟ್ ಕೊಂಡ ದಿನ ಈ ಕಾಗದದಲ್ಲಿ ಏನಿತ್ತೋ ಅದೇ ನಿಮಗೆ ನಡೆಯುತ್ತದೆ. ಆಮೇಲೆ ನಾವು ಏನಾದರೂ ತಿದ್ದಿದರೂ ಅದು ಹೊಸದಾಗಿ ಕೊಳ್ಳುವವರಿಗೆ ಮಾತ್ರ.